ಬಜೆಟ್ಟಿನ ಮುಂದಿನ ರೂಪಾಯಿ ಮತ್ತು ಲಗ್ರಾಂಜ್ ಗುಣಕ

ಪ್ರಶ್ನೆ: ಬಜೆಟ್ ನಿರ್ಬಂಧವಿರುವ ಲೆಕ್ಕದಲ್ಲಿ λ ಬಳಸಿ x, y ಕಂಡುಹಿಡಿದ ಮೇಲೆ ನಾವು λ ಅನ್ನು ಮರೆತೇಬಿಡುತ್ತೇವೆ. ಆದರೆ ಬಜೆಟ್ B ಬದಲಾದಾಗ ಗರಿಷ್ಠ ಆದಾಯ ಬದಲಾಗುವ ದರವೇ λ ಎಂದು ನಮ್ಮ ಮೇಡಂ ಹೇಳಿದರು. B ಬದಲಾದರೆ x, y ಎರಡೂ ಬದಲಾಗುತ್ತವಲ್ಲ ಸರ್? ಆ ಬದಲಾವಣೆಯೆಲ್ಲ ಎಲ್ಲಿ ಹೋಯಿತು? ಕೊನೆಗೆ λ ಒಂದೇ ಉಳಿಯುವುದು ಹೇಗೆ?

ಉತ್ತರ: ಆ ಬದಲಾವಣೆ ಎಲ್ಲಿಗೂ ಹೋಗಿಲ್ಲ, λ ಒಳಗೇ ಇದೆ. ಗರಿಷ್ಠ ಬಿಂದುವಿನಲ್ಲಿ ಯಾವ ಬಾಬಿಗೆ ಹಾಕಿದ ಕೊನೆಯ ರೂಪಾಯಿಯಾದರೂ ಒಂದೇ ಪ್ರಮಾಣದ ಆದಾಯವನ್ನು ತರುತ್ತಿರುತ್ತದೆ. ಆದ್ದರಿಂದ ಹೊಸದಾಗಿ ಬಂದ ರೂಪಾಯಿಯನ್ನು x ಮತ್ತು y ಹೇಗೇ ಹಂಚಿಕೊಂಡರೂ ಒಟ್ಟು ಫಲ ಅದೇ ಪ್ರಮಾಣವಾಗಿರುತ್ತದೆ. ಆ ಪ್ರಮಾಣದ ಹೆಸರು λ. ಇದನ್ನು ಸೂತ್ರದಲ್ಲಿ ಸಾಧಿಸುವುದಕ್ಕೆ ಎರಡು ಸಾಲು ಸಾಕು, ಆದರೆ ಆ ಎರಡು ಸಾಲನ್ನು ಓದಿ ತಲೆಯಾಡಿಸಿದ ಮೇಲೂ ನಿಮ್ಮ ಅನುಮಾನ ಹಾಗೇ ಉಳಿಯುವ ಸಂಭವ ಹೆಚ್ಚು. ಹಾಗಾಗಿ ಮೊದಲು ಒಂದು ಲೆಕ್ಕವನ್ನು ಪೂರ್ತಿ ಮಾಡಿ, ಸಾಧನೆಗೆ ಆಮೇಲೆ ಬರುತ್ತೇನೆ.

ಬೇಸಿಗೆಯ ನಾಲ್ಕು ತಿಂಗಳು ಅಕ್ಕಿ ಹಪ್ಪಳ ಮಾಡಿ ಮಾರುವ ಒಂದು ಸ್ವಸಹಾಯ ಸಂಘವಿದೆ ಎಂದುಕೊಳ್ಳಿ. ಒಬ್ಬರ ಒಂದು ದಿನದ ಕೂಲಿ 500 ರೂಪಾಯಿ, ಅಕ್ಕಿ ಕಿಲೋಗೆ 40 ರೂಪಾಯಿ, ಸಂಘದ ಕೈಯಲ್ಲಿರುವ ಹಣ 75,000 ರೂಪಾಯಿ. x ಎಂದರೆ ಒಟ್ಟು ಎಷ್ಟು ಆಳುದಿನ, y ಎಂದರೆ ಎಷ್ಟು ಕಿಲೋ ಅಕ್ಕಿ. ಇವೆರಡರಲ್ಲಿ ಒಂದನ್ನೇ ಹೆಚ್ಚಿಸುತ್ತ ಹೋದರೆ ಫಲ ಕುಗ್ಗುತ್ತ ಬರುತ್ತದೆ: ಅಕ್ಕಿ ರಾಶಿ ಬಿದ್ದಿದ್ದು ಕೈ ಸಾಲದಿದ್ದರೆ ಬೇಯಿಸಿದ ಹಿಟ್ಟು ಒತ್ತುವವರಿಲ್ಲದೆ ಹಳಸುತ್ತದೆ, ಕೈಗಳಿದ್ದು ಅಕ್ಕಿ ಇಲ್ಲದಿದ್ದರೆ ಕೂಲಿ ಕೊಟ್ಟೂ ಹಪ್ಪಳದ ಮಣೆ ಸುಮ್ಮನೆ ಕೂರುತ್ತದೆ. ಈ ಗುಣವಿರುವ ಒಂದು ಆದಾಯದ ಫಲನವನ್ನು, ವರ್ಗಮೂಲಗಳು ಸಲೀಸಾಗಿ ಬರಲಿ ಎಂಬ ಒಂದೇ ಕಾರಣಕ್ಕೆ ನಾನೇ ಅಂಕಿ ಜೋಡಿಸಿ, ಹೀಗೆ ಬರೆದುಕೊಂಡಿದ್ದೇನೆ:

```
R(x, y) = 2400 · x^(1/2) · y^(1/4)
500x + 40y = B,   B = 75000
L = R(x, y) − λ(500x + 40y − B)
```

x ಮತ್ತು y ಕುರಿತು ಆಂಶಿಕ ನಿಷ್ಪನ್ನಗಳನ್ನು ತೆಗೆದು ಸೊನ್ನೆಗೆ ಸಮೀಕರಿಸಿದರೆ ಎರಡು ಷರತ್ತುಗಳು ಸಿಗುತ್ತವೆ.

```
∂R/∂x = 1200 · y^(1/4) / x^(1/2) = 500λ
∂R/∂y =  600 · x^(1/2) / y^(3/4) =  40λ
```

ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದಾಗ 500x = 2 · 40y ಎಂದಾಗುತ್ತದೆ, ಅಂದರೆ ಕೂಲಿಯ ಖರ್ಚು ಅಕ್ಕಿಯ ಖರ್ಚಿನ ಎರಡರಷ್ಟಿರಬೇಕು. 75,000 ರೂಪಾಯಿಯಲ್ಲಿ 50,000 ಕೂಲಿಗೆ, 25,000 ಅಕ್ಕಿಗೆ; ಆದ್ದರಿಂದ x = 100 ಆಳುದಿನ, y = 625 ಕಿಲೋ. ಗರಿಷ್ಠ ಆದಾಯ 2400 × 10 × 5 = 1,20,000 ರೂಪಾಯಿ. ಪರೀಕ್ಷೆಯ ಉತ್ತರ ಪತ್ರಿಕೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ, ಮತ್ತು ನೀವು ಹೇಳುವಂತೆ λ ಮರೆತುಹೋಗುವುದೂ ಇಲ್ಲೇ.

ಈಗ ಆ ಬಿಂದುವಿನಲ್ಲಿ ನಿಂತು ಹತ್ತಿರದಿಂದ ನೋಡಿ. ∂R/∂x ಬೆಲೆ 1200 × 5 / 10 = 600. ಎಂದರೆ ಇನ್ನೊಂದು ಆಳುದಿನ ಸುಮಾರು 600 ರೂಪಾಯಿ ಆದಾಯ ತರುತ್ತದೆ, ಅದಕ್ಕೆ ತಗಲುವ ಖರ್ಚು 500; ಕೂಲಿಗೆ ಹಾಕಿದ ಕೊನೆಯ ರೂಪಾಯಿಯ ಫಲ 600/500 = 1.20. ∂R/∂y ಬೆಲೆ 600 × 10 / 125 = 48. ಇನ್ನೊಂದು ಕಿಲೋ ಅಕ್ಕಿ 48 ರೂಪಾಯಿ ತರುತ್ತದೆ, ಖರ್ಚು 40; ಅಕ್ಕಿಗೆ ಹಾಕಿದ ಕೊನೆಯ ರೂಪಾಯಿಯ ಫಲ 48/40 = 1.20. ಎರಡೂ ಒಂದೇ ಆಗಿರುವುದು ಕಾಕತಾಳೀಯವಲ್ಲ. ಒಂದು ಕಡೆ 1.30, ಇನ್ನೊಂದು ಕಡೆ 1.10 ಇದ್ದಿದ್ದರೆ ಕಡಿಮೆ ಫಲದ ಬಾಬಿನಿಂದ ಒಂದು ರೂಪಾಯಿ ತೆಗೆದು ಹೆಚ್ಚು ಫಲದ ಬಾಬಿಗೆ ಹಾಕಿ, ಬಜೆಟ್ಟನ್ನು ಮುಟ್ಟದೆಯೇ ಆದಾಯವನ್ನು 20 ಪೈಸೆ ಏರಿಸಬಹುದಿತ್ತು. ಹಾಗೆ ಏರಿಸಲು ಬರುತ್ತದೆ ಎಂದಾದರೆ ನಾವು ಗರಿಷ್ಠದಲ್ಲಿಲ್ಲ ಎಂದರ್ಥ. ಎರಡು ಸಮೀಕರಣಗಳಲ್ಲೂ ಒಂದೇ λ ಕೂತಿರುವುದು ಈ ಕಾರಣಕ್ಕೆ, ಮತ್ತು ಇಲ್ಲಿ λ = 1.2.

ನಿಮ್ಮ ಪ್ರಶ್ನೆಯ ಗಂಟು ಬಿಚ್ಚುವುದು ಇಲ್ಲಿಯೇ. ಸಂಘಕ್ಕೆ ಇನ್ನೊಂದು ಸಾವಿರ ರೂಪಾಯಿ ಬಂತು ಎನ್ನಿ. λ ಹೇಳುವ ಪ್ರಕಾರ ಆದಾಯ 1,200 ಏರಬೇಕು. ಆ ಸಾವಿರವನ್ನು ಸರಿಯಾದ 2:1 ಅನುಪಾತದಲ್ಲಿ ಹಂಚಿ B = 76,000 ಕ್ಕೆ ಲೆಕ್ಕವನ್ನು ಮೊದಲಿನಿಂದ ಮಾಡಿದರೆ ಆದಾಯ ನಿಜವಾಗಿ ಏರುವುದು 1,198 ರೂಪಾಯಿ. ಲೆಕ್ಕಾಚಾರವೇ ಬೇಡವೆಂದು ಇಡೀ ಸಾವಿರವನ್ನು ಎರಡು ಆಳುದಿನಕ್ಕೆ ಸುರಿದರೆ ಏರಿಕೆ 1,194. ಅಷ್ಟನ್ನೂ 25 ಕಿಲೋ ಅಕ್ಕಿಗೇ ಹಾಕಿದರೆ 1,182. ಹಂಚಿಕೆಯಲ್ಲಿ ಇಷ್ಟು ದೊಡ್ಡ ವ್ಯತ್ಯಾಸವಿದ್ದರೂ ಫಲದಲ್ಲಿ ಇರುವುದು ನಾಲ್ಕು ಮತ್ತು ಹದಿನಾರು ರೂಪಾಯಿಯ ವ್ಯತ್ಯಾಸ. ಹೆಚ್ಚುವರಿ ಮೊತ್ತವನ್ನು ಸಾವಿರದಿಂದ ನೂರಕ್ಕೆ, ನೂರರಿಂದ ಹತ್ತಕ್ಕೆ ಇಳಿಸಿದಂತೆ ಈ ಕೊರತೆ ಇನ್ನೂ ವೇಗವಾಗಿ, ಮೊತ್ತದ ವರ್ಗದ ಪ್ರಮಾಣದಲ್ಲಿ ಇಳಿದು ದರದ ಲೆಕ್ಕದಿಂದ ಪೂರ್ತಿ ಜಾರಿಹೋಗುತ್ತದೆ. x, y ಬದಲಾಗುತ್ತವೆ ಎಂಬ ನಿಮ್ಮ ಮಾತು ನಿಜ. ಅವು ಯಾವ ಅನುಪಾತದಲ್ಲಿ ಬದಲಾಗುತ್ತವೆ ಎಂಬುದು ದರಕ್ಕೆ ಮುಖ್ಯವಲ್ಲ ಎಂಬುದೇ ಉತ್ತರ.

ಸಾಧನೆ ಈಗ ಸುಲಭ. ಪ್ರತಿ B ಗೂ ಗರಿಷ್ಠ ಬಿಂದುವನ್ನು x*(B), y*(B) ಎಂದೂ ಗರಿಷ್ಠ ಆದಾಯವನ್ನು R*(B) ಎಂದೂ ಕರೆದು ಸರಪಳಿ ನಿಯಮ ಹಾಕಿ.

```
dR*/dB = (∂R/∂x)(dx*/dB) + (∂R/∂y)(dy*/dB)
       = 500λ (dx*/dB) + 40λ (dy*/dB)
       = λ · d(500x* + 40y*)/dB
       = λ · dB/dB = λ
```

ಎರಡನೇ ಸಾಲಿನಲ್ಲಿ ಗರಿಷ್ಠದ ಷರತ್ತುಗಳನ್ನೂ, ಕೊನೆಯ ಸಾಲಿನಲ್ಲಿ ಬಜೆಟ್ ಪೂರ್ತಿ ಖರ್ಚಾಗುತ್ತದೆ ಎಂಬ ನಿರ್ಬಂಧವನ್ನೂ ಬಳಸಿದ್ದೇವೆ, ಬೇರೇನನ್ನೂ ಅಲ್ಲ. ನಮ್ಮ ಅಂಕಿಗಳನ್ನೇ ಇಟ್ಟು ನೋಡುವುದಾದರೆ, ಹೆಚ್ಚಿನ ಒಂದು ರೂಪಾಯಿಯ ಮೂರರಲ್ಲಿ ಎರಡು ಭಾಗ ಕೂಲಿಗೆ ಹೋಗುವುದರಿಂದ dx*/dB = 1/750; ಉಳಿದ ಒಂದು ಭಾಗ ಅಕ್ಕಿಗೆ ಹೋಗುವುದರಿಂದ dy*/dB = 1/120. ಆಗ 600/750 + 48/120 = 0.80 + 0.40 = 1.20. ನೀವು ಕೇಳಿದ, ಕಾಣೆಯಾಗಿದೆ ಎಂದುಕೊಂಡ ಬದಲಾವಣೆಗಳು ಈ 80 ಪೈಸೆ ಮತ್ತು 40 ಪೈಸೆ. λ ಅವುಗಳ ಮೊತ್ತ.

ಲಗ್ರಾಂಜ್ 1788ರಲ್ಲಿ ತಮ್ಮ ಯಂತ್ರಶಾಸ್ತ್ರದ ಗ್ರಂಥದಲ್ಲಿ ಈ ಗುಣಕಗಳನ್ನು ಬಳಸಿದಾಗ ಹಣದ ಮಾತೇ ಇರಲಿಲ್ಲ. ಅಲ್ಲಿ ಅವು ವಸ್ತುವೊಂದನ್ನು ಅದರ ದಾರಿಯಲ್ಲೇ ಹಿಡಿದಿಡುವ ನಿರ್ಬಂಧ ಬಲಗಳನ್ನು ತಿಳಿಸುತ್ತವೆ. ಸಂಪನ್ಮೂಲ ಹಂಚಿಕೆಯಲ್ಲಿ ಇಂಥ ಗುಣಕಗಳಿಗೆ ಬೆಲೆಯ ಅರ್ಥ ಬಂದದ್ದು ಬಹಳ ತಡವಾಗಿ. ಲೆನಿನ್‌ಗ್ರಾಡಿನ ಕಾಂಟೊರೊವಿಚ್ 1939ರಲ್ಲಿ ಪ್ಲೈವುಡ್ ಉದ್ಯಮದ ಯಂತ್ರಗಳಿಗೆ ಕೆಲಸ ಹಂಚುವ ಲೆಕ್ಕ ಬಿಡಿಸುತ್ತ ಇಂಥವೇ ಗುಣಕಗಳನ್ನು ಮುಂದಿಟ್ಟರು, ಮತ್ತು ಸಂಪನ್ಮೂಲ ಹಂಚಿಕೆಯ ಕೆಲಸಕ್ಕೆ 1975ರಲ್ಲಿ ಕೂಪ್‌ಮನ್ಸ್ ಅವರೊಂದಿಗೆ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡರು. ಇಂದು ಅರ್ಥಶಾಸ್ತ್ರದವರು ಇದನ್ನು ಶ್ಯಾಡೋ ಪ್ರೈಸ್, ಅಂದರೆ ನೆರಳು ಬೆಲೆ ಎನ್ನುತ್ತಾರೆ. ಪೇಟೆಯಲ್ಲಿ ಯಾರೂ ಬರೆದು ತೂಗುಹಾಕದ, ಲೆಕ್ಕದೊಳಗೆ ಮಾತ್ರ ಕಾಣುವ ಬೆಲೆ ಎಂಬ ಅರ್ಥದಲ್ಲಿ ಹೆಸರು ಚೆನ್ನಾಗಿದೆ.

ಈ ಬೆಲೆಯನ್ನು ಬಳಸುವಾಗ ನಾನು ಹೆಚ್ಚಾಗಿ ಕಾಣುವ ತಪ್ಪು, ಸರಾಸರಿಯನ್ನು λ ಎಂದುಕೊಳ್ಳುವುದು. ಸಂಘ 75,000 ಹಾಕಿ 1,20,000 ಪಡೆಯುತ್ತಿದೆ. ಭಾಗಿಸಿದರೆ ರೂಪಾಯಿಗೆ 1.60. ಹಾಗಾದರೆ ಸಾಲ ತಂದು ಇನ್ನೊಂದು ರೂಪಾಯಿ ಹಾಕಿದರೂ 1.60 ಬರುತ್ತದೆ ಎಂದು ಲೆಕ್ಕ ಬರೆಯುವವರು ಹಾಗೇ ಹಾಕಿಬಿಡುತ್ತಾರೆ. ಬರುವುದು 1.20 ಮಾತ್ರ, ಏಕೆಂದರೆ ಮೊದಲ ರೂಪಾಯಿಗಳು ಹೆಚ್ಚು ಫಲ ಕೊಟ್ಟು ಸರಾಸರಿಯನ್ನು ಮೇಲೆತ್ತಿವೆ. ಈ ಫಲನದಲ್ಲಿ ಘಾತಗಳ ಮೊತ್ತ 3/4 ಆಗಿರುವುದರಿಂದ R* ಎಂಬುದು B^(3/4) ಗೆ ಅನುಪಾತವಾಗಿ ಬೆಳೆಯುತ್ತದೆ, λ ಯಾವಾಗಲೂ ಸರಾಸರಿಯ ಮುಕ್ಕಾಲು ಪಾಲು, ಮತ್ತು B ಬೆಳೆದಂತೆ λ ತಾನೇ ನಿಧಾನವಾಗಿ ಇಳಿಯುತ್ತದೆ. ಘಾತಗಳ ಮೊತ್ತ ಸರಿಯಾಗಿ 1 ಇದ್ದಿದ್ದರೆ ಸರಾಸರಿ ಮತ್ತು λ ಒಂದೇ ಆಗಿ, B ಎಷ್ಟಾದರೂ λ ಬದಲಾಗುತ್ತಿರಲಿಲ್ಲ. ಪಠ್ಯಪುಸ್ತಕದ ಲೆಕ್ಕಗಳು ಹೆಚ್ಚಾಗಿ ಆ ಬಗೆಯವಾದ್ದರಿಂದ ಎರಡರ ನಡುವಿನ ವ್ಯತ್ಯಾಸ ವಿದ್ಯಾರ್ಥಿಗಳ ಕಣ್ಣಿಗೆ ಬೀಳುವುದೇ ಇಲ್ಲ ಎಂಬುದು ನನ್ನ ದೂರು.

λ ಇಳಿಯುತ್ತದೆ ಎಂಬುದರ ಪರಿಣಾಮವನ್ನು ಸಾಲದ ಲೆಕ್ಕದಲ್ಲಿ ಚೆನ್ನಾಗಿ ನೋಡಬಹುದು. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯಂತೆ ನಾಲ್ಕು ತಿಂಗಳಿಗೆ ಸಾಲ ಸಿಗುತ್ತದೆ ಎಂದರೆ, ಇಂದು ತಂದ ಒಂದು ರೂಪಾಯಿಗೆ ಹಂಗಾಮಿನ ಕೊನೆಯಲ್ಲಿ 1.08 ತೀರಿಸಬೇಕು. λ ಈಗ 1.20 ಇರುವುದರಿಂದ ಸಾಲ ಮಾಡುವುದು ಲಾಭ. ಆದರೆ ಎಲ್ಲಿಯವರೆಗೆ? λ ಇಳಿದು 1.08 ಮುಟ್ಟುವವರೆಗೆ. λ ಎಂಬುದು B^(1/4) ಗೆ ವಿಲೋಮವಾದ್ದರಿಂದ ಅದು 75,000 × (1.20/1.08)^4, ಅಂದರೆ ಸುಮಾರು 1,14,300 ರೂಪಾಯಿಯ ಬಜೆಟ್, ಸುಮಾರು 39,300 ಸಾಲ ತರಬಹುದು, ಅದಕ್ಕಿಂತ ಮುಂದೆ ತಂದ ಪ್ರತಿ ರೂಪಾಯಿಯೂ ಬಡ್ಡಿಗೆ ಸಾಲದು. ಬಡ್ಡಿಯೇ ಇಲ್ಲದ ಹಣವಾದರೂ λ = 1 ಆಗುವ ತನಕ, ಅಂದರೆ B = 1,55,520 ರ ತನಕ ಮಾತ್ರ ಹಾಕುವುದರಲ್ಲಿ ಅರ್ಥವಿದೆ. ಅಲ್ಲಿ ಆದಾಯ 2,07,360, ಉಳಿಕೆ 51,840. ಮೊದಲು ಉಳಿಯುತ್ತಿದ್ದದ್ದು 45,000. ಆ ಜಾಗದಲ್ಲೂ ಸರಾಸರಿ ಇನ್ನೂ 1.33 ಇರುತ್ತದೆ ಎಂಬುದನ್ನು ಗಮನಿಸಿ. ಸರಾಸರಿಯನ್ನು ನಂಬಿ ನಡೆದವರು ನಷ್ಟದ ರೂಪಾಯಿಗಳನ್ನು ಲಾಭವೆಂದು ತಿಳಿದು ಇನ್ನೂ ಬಹಳ ದೂರ ಹೋಗಿಬಿಡುತ್ತಾರೆ.

ಇದೇ ಕಾರಣಕ್ಕೆ λ ಅನ್ನು ದೊಡ್ಡ ಮೊತ್ತಕ್ಕೆ ನೇರವಾಗಿ ಗುಣಿಸಬಾರದು. ಬಜೆಟ್ 75,000 ದಿಂದ ಒಂದು ಲಕ್ಷಕ್ಕೆ ಏರಿದರೆ 25,000 × 1.2 = 30,000 ಎಂಬ ಅಂದಾಜು ಬರುತ್ತದೆ, ನಿಜವಾದ ಏರಿಕೆ ಸುಮಾರು 28,900. ಒಂದು ಲಕ್ಷದಲ್ಲಿ λ ಸುಮಾರು 1.117 ಕ್ಕೆ ಇಳಿದಿರುತ್ತದೆ. ಎರಡೂ ತುದಿಗಳ λ ಗಳ ಸರಾಸರಿ ತೆಗೆದು ಗುಣಿಸಿದರೆ 28,960 ಸಿಗುತ್ತದೆ, ಇದು ಸಾಕಷ್ಟು ಹತ್ತಿರ. λ ಒಂದು ಬಿಂದುವಿನಲ್ಲಿ R* ರೇಖೆಯ ಇಳಿಜಾರು. ಇಡೀ ದಾರಿಯ ಏರಿಕೆ ಬೇಕಿದ್ದರೆ ದಾರಿಯುದ್ದಕ್ಕೂ λ ಅನ್ನು ಕೂಡಬೇಕು.

ಇನ್ನು, λ ದ ಬೆಲೆ ನೀವು ಲೆಕ್ಕವನ್ನು ಹೇಗೆ ಬರೆದಿರಿ ಎಂಬುದನ್ನು ಅವಲಂಬಿಸಿದೆ, x ಮತ್ತು y ಗಳ ಬೆಲೆ ಅವಲಂಬಿಸಿಲ್ಲ. L ನಲ್ಲಿ ಕಳೆಯುವ ಚಿಹ್ನೆಯ ಬದಲು ಕೂಡಿಸುವ ಚಿಹ್ನೆ ಹಾಕಿದರೆ λ = −1.2 ಬರುತ್ತದೆ, ಬಜೆಟ್ ಹೆಚ್ಚಿದರೆ ಆದಾಯ ಇಳಿಯುತ್ತದೆ ಎಂದು ಅದರ ಅರ್ಥವಲ್ಲ. ನಿರ್ಬಂಧವನ್ನು 20 ರಿಂದ ಭಾಗಿಸಿ 25x + 2y = 3750 ಎಂದು ಚಿಕ್ಕದಾಗಿ ಬರೆದುಕೊಂಡರೆ λ = 24 ಆಗುತ್ತದೆ, ಏಕೆಂದರೆ ಈಗ ಬಲಗಡೆಯ ಒಂದು ಘಟಕವೆಂದರೆ 20 ರೂಪಾಯಿ. R ಬದಲು ln R ಅನ್ನು ಗರಿಷ್ಠಗೊಳಿಸಿದರೆ ಅದೇ 100 ಆಳುದಿನ, ಅದೇ 625 ಕಿಲೋ ಬರುತ್ತವೆ, ಆದರೆ λ = 1.2/1,20,000 = 0.00001. ಗ್ರಾಹಕರ ತೃಪ್ತಿಯನ್ನು ಗರಿಷ್ಠಗೊಳಿಸುವ ಲೆಕ್ಕದಲ್ಲಿ λ ದ ಬೆಲೆಯನ್ನು ಬಿಡಿಯಾಗಿ ಓದಿ ಅರ್ಥ ಹಚ್ಚಬಾರದು ಎನ್ನುವುದು ಇದರಿಂದಲೇ: ತೃಪ್ತಿಯ ಅಳತೆಗೋಲು ನಾವೇ ಇಟ್ಟುಕೊಂಡದ್ದು. ಅನುಮಾನ ಬಂದಾಗ ಘಟಕಗಳನ್ನು ಬರೆದು ನೋಡಿ. λ ದ ಘಟಕ ಯಾವಾಗಲೂ ಗರಿಷ್ಠಗೊಳಿಸುವ ರಾಶಿಯ ಘಟಕವನ್ನು ನಿರ್ಬಂಧದ ಘಟಕದಿಂದ ಭಾಗಿಸಿದ್ದು. ನಮ್ಮಲ್ಲಿ ಅದು ಆದಾಯದ ರೂಪಾಯಿ ಭಾಗಿಸು ಬಜೆಟ್ಟಿನ ರೂಪಾಯಿ.

ಕೊನೆಯದಾಗಿ, λ ಕುಸಿದಿದ್ದರೆ ಅಡಚಣೆ ಹಣದ್ದಲ್ಲ, ಬೇರೆಲ್ಲೋ ಇದೆ ಎಂಬುದಕ್ಕೆ ಅದು ಸುಳಿವು. ಹಂಗಾಮಿನಲ್ಲಿ ಹೆಂಗಸರು ತೋಟದ ಕೆಲಸಕ್ಕೂ ಹೋಗುವುದರಿಂದ ಸಂಘಕ್ಕೆ 100 ಆಳುದಿನಕ್ಕಿಂತ ಹೆಚ್ಚು ಸಿಗುವುದಿಲ್ಲ ಎನ್ನೋಣ. 75,000 ದಲ್ಲಿ ಇದರಿಂದ ತೊಂದರೆಯಿಲ್ಲ, ಬೇಕಿದ್ದದ್ದೇ 100. ಈಗ ಮಾರ್ಚ್ ಮುಗಿಯುವುದರೊಳಗೆ ಖರ್ಚು ಮಾಡಲೇಬೇಕಾದ 25,000 ಅನುದಾನ ಬಂತು. ಅದೆಲ್ಲ ಅಕ್ಕಿಗೇ ಹೋಗಬೇಕು: y = 1250, ಆದಾಯ ಸುಮಾರು 1,42,700. ಈಗ ಇನ್ನೊಂದು ಕಿಲೋ ಅಕ್ಕಿ ತರುವುದು 28.54 ರೂಪಾಯಿ, ಆದ್ದರಿಂದ ಬಜೆಟ್ಟಿನ λ = 28.54/40 ≈ 0.71. ಕೊನೆಯ ರೂಪಾಯಿ 29 ಪೈಸೆ ನಷ್ಟ ಮಾಡುತ್ತಿದೆ. ಖರ್ಚು ಮಾಡಲೇಬೇಕೆಂಬ ಕಟ್ಟು ಇಲ್ಲದಿದ್ದರೆ ಸಂಘ ಸುಮಾರು 82,000 ಕ್ಕೇ ನಿಲ್ಲಿಸಿ ಉಳಿದ ಹಣವನ್ನು ಹಾಗೇ ಇಟ್ಟುಕೊಳ್ಳುತ್ತಿತ್ತು. ಲಾಭವನ್ನು ಗರಿಷ್ಠಗೊಳಿಸುತ್ತ ಬಜೆಟ್ಟನ್ನು ≤ ಎಂದು ಬರೆದಿದ್ದರೆ ಅದರ ಗುಣಕ ಅಲ್ಲಿಂದಾಚೆ ಸೊನ್ನೆಯಾಗುತ್ತಿತ್ತು, ಏಕೆಂದರೆ ತಾಗದ ಮಿತಿಯನ್ನು ಸಡಿಲಿಸಿದರೆ ಏನೂ ಸಿಗುವುದಿಲ್ಲ.

ಆದರೆ ಈಗ ಆಳುದಿನದ ಮಿತಿಗೂ ಅದರದೇ ಗುಣಕ ಹುಟ್ಟಿದೆ. 100 ಎಂಬ ಮಿತಿಯನ್ನು 101 ಮಾಡಿದರೆ, ಆ ದಿನ ಸುಮಾರು 714 ರೂಪಾಯಿ ಆದಾಯ ತರುತ್ತದೆ, ಅದರ ಕೂಲಿಗಾಗಿ ಅಕ್ಕಿಯಿಂದ ತೆಗೆದ 500 ರೂಪಾಯಿ 500 × 0.7135, ಅಂದರೆ ಸುಮಾರು 357 ರೂಪಾಯಿ ಆದಾಯವನ್ನು ಕಳೆಯುತ್ತದೆ. ವ್ಯತ್ಯಾಸವೂ ಸುಮಾರು 357. ಇದೇ ಎರಡನೇ ಗುಣಕ. ಹಾಗಾದರೆ ಹೆಚ್ಚಿನ ಒಂದು ದಿನ ಬಂದು ಕೆಲಸ ಮಾಡುವವರಿಗೆ 500 + 357 = 857 ರೂಪಾಯಿವರೆಗೆ ಕೊಡಬಹುದು ಎಂದು ಬರೆಯುವ ಆಸೆಯಾಗುತ್ತದೆ, ಅದು ತಪ್ಪು. 357 ಎಂಬುದು ಆದಾಯದ ರೂಪಾಯಿಗಳಲ್ಲಿದೆ, ಕೂಲಿ ಹೋಗುವುದು ಬಜೆಟ್ಟಿನ ರೂಪಾಯಿಗಳಲ್ಲಿ, ಮತ್ತು ಈ ಅನುದಾನದಡಿ ಬಜೆಟ್ಟಿನ ಒಂದು ರೂಪಾಯಿಯ ಬೆಲೆ 71 ಪೈಸೆ ಮಾತ್ರ. 357 ಅನ್ನು 0.71 ರಿಂದ, ದಶಾಂಶಗಳನ್ನು ಪೂರ್ತಿ ಇಟ್ಟುಕೊಂಡು ಭಾಗಿಸಿದರೆ ಸರಿಯಾಗಿ 500 ಬರುತ್ತದೆ. ಆ ಹೆಚ್ಚಿನ ದಿನಕ್ಕೆ ಸಂಘ ಒಟ್ಟು 1,000 ರೂಪಾಯಿಯವರೆಗೂ ಕೂಲಿ ಕೊಡಬಹುದು.